ಸರ್ ಎಂಬ ಎರಡಕ್ಷರದ ಚರಿತ್ರೆ



ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ದೂರವಾಣಿ ಮಾಡಿದಳು. ತೊಂಬತ್ತರ ದಶಕದಲ್ಲಿ ಬೆಳ್ಳಾವಿಯಲ್ಲಿ ನನ್ನ ಬಳಿ ಓದಿದವಳು. ಈಗ ತಂತ್ರಾಂಶದ ಕಂಪನಿಯೊಂದರಲ್ಲಿ ಗಿರಾಕಿಗಳೊಡನೆ ವ್ಯವಹರಿಸುವ ಕೆಲಸದಲ್ಲಿದ್ದಾಳೆ. ಕುಶಲೋಪರಿಯಾದ ಮೇಲೆ ನೇರವಾಗಿ ವಿಷಯಕ್ಕೆ ಬಂದಳು: "ಸಾರ್, ನೀವು ನಮಗೆ ರೆಸ್ಪೆಕ್ಟೆಡ್ ಸರ್ ಅಂತ ಬರೆಯೋದು ಕಲಿಸಿದ್ರಿ. ಕಂಪನಿಗೆ ಸೇರಿದ ಮೊದಲ ವಾರವೇ ಅದನ್ನ ಬಿಡಿಸಿದ್ರು. ಹದಿನೈದು ವರ್ಷ ಅಮೆರಿಕದವರಿಗೆ ಹೆಸರು ಹಿಡಿದು ಪತ್ರ ಬರೆದೆ. ಈಗ ನಮ್ಮ ದೇಶದ ಗಿರಾಕಿಗಳನ್ನ ನನಗೆ ವಹಿಸಿದ್ದಾರೆ. ಮೊನ್ನೆ ಒಂದು ಎಡವಟ್ಟಾಯ್ತು. ಯಾವಾಗ ಸರ್ ಅನ್ನಬೇಕು, ಯಾವಾಗ ಬಿಡಬೇಕು, ಹೇಳಿಕೊಡಿ."

ಆ ಎಡವಟ್ಟಿನ ವೃತ್ತಾಂತವನ್ನು ಮುಂದೆ ಹೇಳುತ್ತೇನೆ. ಆಗ ಅವಳಿಗೆ ತಕ್ಷಣ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ರಜಾ ಅರ್ಜಿಯ ನಮೂನೆಯನ್ನು ಕಪ್ಪುಹಲಗೆಯ ಮೇಲೆ ಬರೆದವನು ನಾನು. ಎಡಕ್ಕೆ "ಇಂದ", ಅದರ ಕೆಳಗೆ "ಗೆ", ಆಮೇಲೆ "ಮಾನ್ಯರೇ", ಕೊನೆಗೆ "ಇಂತಿ ತಮ್ಮ ವಿಧೇಯ ವಿದ್ಯಾರ್ಥಿ". ಇಂಗ್ಲಿಷಿನಲ್ಲಾದರೆ "ರೆಸ್ಪೆಕ್ಟೆಡ್ ಸರ್" ಮತ್ತು "ಯುವರ್ಸ್ ಒಬೀಡಿಯಂಟ್ಲಿ". ಹೇಗೆ ಬರೆಯಬೇಕೆಂದು ಕಲಿಸಿದೆನೇ ಹೊರತು ಅದು ಎಲ್ಲಿಂದ ಬಂತು, ಎಲ್ಲಿ ನಿಲ್ಲಬೇಕು ಎಂಬುದನ್ನು ಒಂದು ದಿನವೂ ಹೇಳಿರಲಿಲ್ಲ. ಆ ಬಾಕಿಯನ್ನು ತೀರಿಸಲು ಈ ಲೇಖನ.

ಸರ್ ಬರುವುದಕ್ಕೆ ಮುಂಚೆ ನಮ್ಮಲ್ಲಿ ಪತ್ರಗಳಿಗೆ ಒಕ್ಕಣೆ ಎಂಬುದೊಂದಿತ್ತು. ತಂದೆಗೆ ಬರೆಯುವಾಗ "ತೀರ್ಥರೂಪು", ತಾಯಿಗೆ "ಮಾತೃಶ್ರೀ", ಕಿರಿಯರಿಗೆ "ಚಿರಂಜೀವಿ". ಹಿರಿಯರಿಗೆ ಸಾಷ್ಟಾಂಗ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. ಒಕ್ಕಣೆಯ ಮೊದಲ ಸಾಲನ್ನು ಓದಿದರೆ ಸಾಕು, ಬರೆದವರಿಗೂ ಓದುವವರಿಗೂ ಏನು ಸಂಬಂಧ, ಯಾರು ದೊಡ್ಡವರು, ಯಾರು ಚಿಕ್ಕವರು ಎಂಬುದು ತಿಳಿದುಹೋಗುತ್ತಿತ್ತು. ಸಂಬಂಧ ಗೊತ್ತಿಲ್ಲದವರಿಗೆ ಪತ್ರ ಬರೆಯುವ ಪ್ರಸಂಗವೇ ಜನಸಾಮಾನ್ಯರಿಗೆ ಅಪರೂಪವಾಗಿತ್ತು.

ಮಾತಿನಲ್ಲಿಯೂ ಹೀಗೆಯೇ. ನನ್ನ ಬಾಲ್ಯದಲ್ಲಿ ಬೆಳ್ಳಾವಿಯ ಸಂತೆಗೆ ಹೋದರೆ ಕಿವಿಗೆ ಬೀಳುತ್ತಿದ್ದ ಸಂಬೋಧನೆಗಳು ಅಣ್ಣ, ಅಪ್ಪಾಜಿ, ಅಕ್ಕ, ಅವ್ವ, ಸ್ವಾಮಿ, ಗೌಡ್ರೇ, ಸೆಟ್ರೇ, ಅಯ್ನೋರೇ. ಕೂಲಿಯಾಳು ಜಮೀನಿನ ಯಜಮಾನನನ್ನು "ಬುದ್ಧಿ" ಎನ್ನುತ್ತಿದ್ದ. ಯಜಮಾನ ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದ, ಅವನು ವಯಸ್ಸಿನಲ್ಲಿ ತನ್ನ ತಂದೆಗೆ ಸಮನಾಗಿದ್ದರೂ ಸರಿಯೇ. ಆ ಸಂಬೋಧನೆಗಳಲ್ಲಿ ಪ್ರೀತಿಯೂ ಇತ್ತು, ಜಾತಿಯೂ ಇತ್ತು. ಎರಡನ್ನೂ ನೆನಪಿಡಬೇಕು.

ಇನ್ನು ಸರ್ ಎಂಬ ಮಾತಿಗೆ ಬರೋಣ. ಇದು ಫ್ರೆಂಚಿನ ಸೈರ್ ಎಂಬುದರಿಂದ ಇಂಗ್ಲಿಷಿಗೆ ಬಂದದ್ದು. ಅದರ ಮೂಲ ಲ್ಯಾಟಿನ್ನಿನ ಸೀನಿಯರ್, ಅಂದರೆ ವಯಸ್ಸಿನಲ್ಲಿ ಹಿರಿಯ. ಮೇಡಂ ಎಂಬುದು ಫ್ರೆಂಚಿನ ಮಾ ದಾಮ್, ಅಂದರೆ ನನ್ನ ಒಡತಿ. ಇಂಗ್ಲಿಷಿನಲ್ಲಿ ಸರ್ ಎರಡು ಬಗೆಯಾಯಿತು. ಹೆಸರಿನ ಮುಂದೆ ಬರುವ ಸರ್ ಒಂದು ಬಿರುದು. ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ 1915ರಲ್ಲಿ ಬ್ರಿಟಿಷ್ ಸರ್ಕಾರ ಕೊಟ್ಟದ್ದು ಅದು. ಅಂದಿನಿಂದ ಅವರು ನಮಗೆ ಸರ್ ಎಂ.ವಿ. ಇಂಥ ಬಿರುದುಗಳ ಕಾಲ ನಮ್ಮ ಸಂವಿಧಾನದ 18ನೆಯ ವಿಧಿಯೊಂದಿಗೆ 1950ರಲ್ಲಿ ಮುಗಿಯಿತು. ಹೆಸರಿಲ್ಲದೆ ಒಂಟಿಯಾಗಿ ನಿಲ್ಲುವ ಸರ್ ಬೇರೆ. ಅದು ಬಿರುದಲ್ಲ, ಕೇವಲ ಸಂಬೋಧನೆ. ನಮ್ಮ ಕಚೇರಿಗಳಲ್ಲಿ ಉಳಿದದ್ದು ಇದು.

ಈ ಒಂಟಿ ಸರ್ ನಮ್ಮ ಸೀಮೆಗೆ ಬಂದದ್ದು ಕಚೇರಿಯ ಕಾಗದದ ಮೂಲಕ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು; 1881ರಲ್ಲಿ ಅರಸರಿಗೆ ಹಿಂದಿರುಗಿಸಿದರು. ಈ ಐವತ್ತು ವರ್ಷಗಳಲ್ಲಿ ಇಂಗ್ಲಿಷ್ ಪತ್ರದ ಮರ್ಯಾದೆಗಳು ನಮ್ಮ ಕಚೇರಿಗಳಲ್ಲಿ ಬೇರೂರಿದವು. ಇಲ್ಲಿ ನಾವು ಮರೆತಿರುವ ಸಂಗತಿಯೊಂದಿದೆ. ಬ್ರಿಟಿಷ್ ಅಧಿಕೃತ ಪತ್ರದಲ್ಲಿ ಸರ್ ಎಂಬುದು ಕೆಳಗಿನವನು ಮೇಲಿನವನಿಗೆ ಮಾತ್ರ ಸಲ್ಲಿಸುತ್ತಿದ್ದ ಕಾಣಿಕೆಯಾಗಿರಲಿಲ್ಲ. ಮೇಲಧಿಕಾರಿಯೂ ತನ್ನ ಕೈಕೆಳಗಿನ ಅಧಿಕಾರಿಗೆ ಬರೆಯುವಾಗ "ಸರ್" ಎಂದೇ ಆರಂಭಿಸಿ "ತಮ್ಮ ಅತ್ಯಂತ ವಿಧೇಯ ಸೇವಕ" ಎಂಬರ್ಥದ ಮಾತಿನಿಂದಲೇ ಮುಗಿಸುತ್ತಿದ್ದ. ಆಜ್ಞೆ ಮಾಡುತ್ತಿದ್ದವನೂ ಕಾಗದದ ಮೇಲೆ ಸೇವಕನೇ. ಸರ್ ಎರಡು ಕಡೆಗೂ ಹರಿಯುತ್ತಿತ್ತು.

ನಮ್ಮಲ್ಲಿ ಅದು ಒಂದೇ ಕಡೆಗೆ ಹರಿಯತೊಡಗಿತು. ಮೇಲಕ್ಕೆ ಮಾತ್ರ. ಸರ್ ಸಾಲದೆಂದು ರೆಸ್ಪೆಕ್ಟೆಡ್ ಎಂಬ ಇನ್ನೊಂದು ಮಾತನ್ನು ಸೇರಿಸಿದೆವು. ಹಿಂದಿನ "ಬುದ್ಧಿ"ಯನ್ನೂ "ಸ್ವಾಮಿ"ಯನ್ನೂ ಅದರೊಳಗೆ ತುಂಬಿದೆವು. ಆದರೂ ಅದರಿಂದ ಒಂದು ಉಪಕಾರವಾಯಿತೆಂದು ನಾನು ಕಣ್ಣಾರೆ ಕಂಡು ಹೇಳಬಲ್ಲೆ. ನನ್ನ ತರಗತಿಯಲ್ಲಿ ಪಟೇಲರ ಮಗನೂ ಕೂಲಿಯವನ ಮಗನೂ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಬಗೆಯಾಗಿ "ಸಾರ್" ಎನ್ನುತ್ತಿದ್ದರು. ಊರೊಳಗೆ ಅವರಿಬ್ಬರೂ ಒಬ್ಬ ಹಿರಿಯನನ್ನು ಬೇರೆ ಬೇರೆ ಮಾತಿನಿಂದ ಕರೆಯಬೇಕಾಗಿತ್ತು. ಸರ್ ಎಂಬುದಕ್ಕೆ ಜಾತಿ ಕೇಳುವ ಅಭ್ಯಾಸವಿರಲಿಲ್ಲ. ಆದ್ದರಿಂದ ಅದನ್ನು ಗುಲಾಮಿ ಪದವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈಗ ಮುಖ್ಯವಾದ ವಿಚಾರ. ಸರ್ ಯಾವಾಗ ಬಿಡಬೇಕೆಂಬ ಪ್ರಶ್ನೆ ಮಿಂಚಂಚೆಯೊಡನೆ ಹುಟ್ಟಿದ್ದಲ್ಲ. ಅದಕ್ಕೆ ಸರ್ಕಾರಿ ಕಚೇರಿಗಳು ಬಹಳ ಹಿಂದೆಯೇ ಒಂದು ಉತ್ತರವನ್ನು ಕಂಡುಕೊಂಡಿದ್ದವು. ಅದರ ಹೆಸರು ಅರೆ ಸರ್ಕಾರಿ ಪತ್ರ. ಗುಮಾಸ್ತರ ಬಾಯಲ್ಲಿ ಡಿ.ಒ. ಲೆಟರ್. ಸಾಮಾನ್ಯ ಅಧಿಕೃತ ಪತ್ರದಲ್ಲಿ "ಸರ್" ಅಥವಾ "ಮೇಡಂ" ಎಂದು ಆರಂಭಿಸಿ "ಯುವರ್ಸ್ ಫೇತ್‌ಫುಲಿ" ಎಂದು ಮುಗಿಸಬೇಕು. ಕನ್ನಡದಲ್ಲಿ "ಮಾನ್ಯರೇ" ಮತ್ತು "ತಮ್ಮ ನಂಬುಗೆಯ". ಅದೇ ಅಧಿಕಾರಿ ಅದೇ ಅಧಿಕಾರಿಗೆ ಅದೇ ವಿಷಯವನ್ನು ಅರೆ ಸರ್ಕಾರಿ ಪತ್ರದಲ್ಲಿ ಬರೆದರೆ ಸರ್ ಹೋಗಿ "ಡಿಯರ್ ಶ್ರೀ" ಎಂದು ಹೆಸರು ಬರುತ್ತದೆ. ಕೊನೆಗೆ "ಯುವರ್ಸ್ ಸಿನ್ಸಿಯರ್ಲಿ". ಒಂದು ಕಡತ ಎಲ್ಲಿಯೋ ಸಿಕ್ಕಿಕೊಂಡಿದೆ, ಇಂಥವರೇ ಸ್ವತಃ ಗಮನ ಕೊಡಬೇಕು ಎಂದಾಗ ಬರೆಯುವ ಪತ್ರವಿದು.

ಇದರ ಹಿಂದಿನ ವಿವೇಕವನ್ನು ಗಮನಿಸಿ. ಅಧಿಕೃತ ಪತ್ರ ಹೋಗುವುದು ಹುದ್ದೆಗೆ. ಇಂದು ಆ ಕುರ್ಚಿಯಲ್ಲಿ ಒಬ್ಬರಿರುತ್ತಾರೆ, ನಾಳೆ ಇನ್ನೊಬ್ಬರು. ಪತ್ರ ಕಡತದಲ್ಲಿ ಉಳಿಯುತ್ತದೆ. ಹುದ್ದೆಗೆ ಹೆಸರಿಲ್ಲವಾದ್ದರಿಂದ ಸರ್ ಬೇಕು. ಅರೆ ಸರ್ಕಾರಿ ಪತ್ರ ಹೋಗುವುದು ವ್ಯಕ್ತಿಗೆ. ವ್ಯಕ್ತಿಗೆ ಹೆಸರಿದೆ, ಆದ್ದರಿಂದ ಸರ್ ಬೇಡ. ಗೌರವ ಎರಡರಲ್ಲಿಯೂ ಒಂದೇ. ಹೆಸರು ಬಂದೊಡನೆ ಮರ್ಯಾದೆ ಕಡಿಮೆಯಾಯಿತೆಂದು ಯಾರೂ ಎಣಿಸುತ್ತಿರಲಿಲ್ಲ. ಬದಲಾಗಿ, ನನ್ನನ್ನೇ ನೆನೆದು ಬರೆದಿದ್ದಾರೆ ಎಂದು ಸಂತೋಷಪಡುತ್ತಿದ್ದರು. ಆದರೆ ಹೆಸರು ಬರೆಯುವ ಸಲಿಗೆಯನ್ನು ಸಾಮಾನ್ಯವಾಗಿ ಸಮಾನರು ಅಥವಾ ಮೇಲಿನವರು ಮೊದಲು ವಹಿಸುತ್ತಿದ್ದರು. ಗುಮಾಸ್ತನೊಬ್ಬ ಜಿಲ್ಲಾಧಿಕಾರಿಗೆ ಡಿ.ಒ. ಬರೆದನೆಂಬುದನ್ನು ನಾನು ಕೇಳಿಲ್ಲ.

ಬೆಂಗಳೂರಿನ ತಂತ್ರಾಂಶ ಕಂಪನಿಗಳು ಬೇರೊಂದು ದಾರಿ ಹಿಡಿದವು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. 1995ರ ಆಗಸ್ಟ್ 15ರಂದು ಅಂತರಜಾಲ ಸಾರ್ವಜನಿಕರಿಗೆ ದೊರೆಯತೊಡಗಿತು. ಅಮೆರಿಕದ ಗಿರಾಕಿಗಳೊಡನೆ ದಿನವೂ ವ್ಯವಹರಿಸುವಾಗ ಸರ್ ಎಂಬುದು ಅಡ್ಡಿಯಾಯಿತು. ಅಲ್ಲಿ ಒಟ್ಟಿಗೆ ಕೆಲಸ ಮಾಡುವವರು ಪರಸ್ಪರ ಹೆಸರಿನಿಂದ ಕರೆಯುತ್ತಾರೆ. ಸರ್ ಎಂದರೆ ಅಪರಿಚಿತರಿಗೆ ಹೇಳುವ ಮಾತಾಗುತ್ತದೆ. ಹೀಗಾಗಿ ನಮ್ಮ ಹುಡುಗರು ಹೆಸರು ಹಿಡಿಯಲು ಕಲಿತರು. ಕಲಿತದ್ದು ತಪ್ಪಲ್ಲ. ಅದನ್ನೇ ಎಲ್ಲ ಕಡೆಗೂ ಒಯ್ದದ್ದು ತೊಡಕಾಯಿತು.

ಈಗ ನನ್ನ ವಿದ್ಯಾರ್ಥಿನಿಯ ಎಡವಟ್ಟು. ಅವಳ ಗಿರಾಕಿ ನಮ್ಮ ಜಿಲ್ಲೆಯವರೇ, ಕೊಬ್ಬರಿ ವ್ಯಾಪಾರಸ್ಥರು, ಅರವತ್ತು ದಾಟಿದವರು. ಲೆಕ್ಕಪತ್ರದ ತಂತ್ರಾಂಶವನ್ನು ಕೊಳ್ಳಲು ಒಪ್ಪಿದ್ದರು. ಅವರ ನಿಜವಾದ ಹೆಸರು ಬೇಡ, ಬಿ. ಶಿವಣ್ಣ ಎಂದಿಟ್ಟುಕೊಳ್ಳೋಣ. ಬಿ. ಎಂದರೆ ಬೈರಪ್ಪ, ಅವರ ತಂದೆ. ನಮ್ಮ ಕಡೆ ಊರಿನ ಹೆಸರೂ ತಂದೆಯ ಹೆಸರೂ ಮೊದಲಿಗೆ, ಸ್ವಂತ ಹೆಸರು ಕೊನೆಗೆ. ಮಿಂಚಂಚೆಯ ಖಾತೆ ತೆರೆಯುವಾಗ ಯಂತ್ರ ಮೊದಲ ಹೆಸರು ಕೇಳಿತು, ಕೊನೆಯ ಹೆಸರು ಕೇಳಿತು; ಇವರು ಕ್ರಮವಾಗಿ ಬೈರಪ್ಪ ಎಂದೂ ಶಿವಣ್ಣ ಎಂದೂ ತುಂಬಿದರು. ಪಾಶ್ಚಾತ್ಯರ ಲೆಕ್ಕದಲ್ಲಿ ಮೊದಲನೆಯದೇ ಕರೆಯುವ ಹೆಸರು. ಕಂಪನಿಯ ಸಿದ್ಧ ನಮೂನೆ ಅದನ್ನು ಎತ್ತಿಕೊಂಡು "ಹಾಯ್ ಬೈರಪ್ಪ" ಎಂದು ಪತ್ರ ಕಳಿಸಿತು. ಕೆಳಗೆ ಇವಳ ಹೆಸರು.

ಒಂಬತ್ತು ದಿನ ಉತ್ತರವಿಲ್ಲ. ಹಣವೂ ಬರಲಿಲ್ಲ. ಇವಳು ಜ್ಞಾಪನದ ಪತ್ರ ಕಳಿಸಿದಳು. ಅದೂ "ಹಾಯ್ ಬೈರಪ್ಪ". ಹತ್ತನೆಯ ದಿನ ದೂರವಾಣಿ ಮಾಡಿದಾಗ ಆ ಹಿರಿಯರು ಕೋಪ ಮಾಡಿಕೊಳ್ಳದೆ ಹೇಳಿದರಂತೆ: "ನಮ್ಮಪ್ಪ ತೀರಿಕೊಂಡು ಆರು ವರ್ಷ ಆಯ್ತು ಕಣಮ್ಮಾ. ಬದುಕಿದ್ದಾಗಲೂ ಅವರನ್ನ ಯಾರೂ ಹಾಗೆ ಕರೀತಿರಲಿಲ್ಲ."

"ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು ಸಾರ್," ಎಂದಳು.

ತಪ್ಪು ಸರ್ ಬಿಟ್ಟದ್ದರಲ್ಲಿ ಮಾತ್ರ ಇರಲಿಲ್ಲ. ಹೆಸರನ್ನೇ ಓದದೆ ಹೆಸರು ಹಿಡಿದದ್ದರಲ್ಲಿತ್ತು. "ಡಿಯರ್ ಸರ್" ಎಂದು ಬರೆದಿದ್ದರೆ ಈ ಅನಾಹುತ ಆಗುತ್ತಿರಲಿಲ್ಲ. ಸರ್ ಎಂಬುದರ ದೊಡ್ಡ ಉಪಯೋಗ ಇದು: ಎದುರಿನವರನ್ನು ನಾವಿನ್ನೂ ಅರಿಯೆವು ಎಂಬುದನ್ನು ಮರ್ಯಾದೆಯಿಂದ ಒಪ್ಪಿಕೊಳ್ಳುವುದು.

ಮುಂದೆ ಏನಾಯಿತೆಂಬುದು ಇನ್ನೂ ಸ್ವಾರಸ್ಯ. ಅಂದೇ ಅವಳು ಕ್ಷಮೆ ಕೋರಿ, ಸಿದ್ಧ ನಮೂನೆಯನ್ನು ಬಿಟ್ಟು, ತಾನೇ ಕುಳಿತು "ಡಿಯರ್ ಶಿವಣ್ಣ ಸರ್" ಎಂದು ಬರೆದಳು. ಮರುದಿನವೇ ಉತ್ತರ ಬಂತು. ಕೊನೆಗೆ "ರಿಗಾರ್ಡ್ಸ್, ಶಿವಣ್ಣ". ನಾನಿನ್ನು ಸರ್ ಬಿಡಬಹುದೇ ಎಂದು ಅವಳಿಗೆ ಅನುಮಾನ ಬಂದರೂ ಬಿಡಲಿಲ್ಲ. ಬಿಡದೇ ಇದ್ದದ್ದು ಸರಿ. ಅಮೆರಿಕದಲ್ಲಿ ಬರಿಯ ಹೆಸರಿನ ಸಹಿ ಹೆಸರಿನಿಂದಲೇ ಕರೆಯಿರೆಂಬ ಆಹ್ವಾನವಾಗಬಹುದು. ನಮ್ಮಲ್ಲಿ ಅದು ಬರಿಯ ಸಹಿ. ಅವರು ಇವಳನ್ನು ಹೆಸರಿನಿಂದ ಕರೆದರು. ಅದೂ ಅನುಮತಿಯಲ್ಲ, ಹಿರಿಯರು ಕಿರಿಯಳನ್ನು ಕರೆದದ್ದು. ನಾಲ್ಕಾರು ಪತ್ರಗಳಾದ ಮೇಲೆ ಅವರು ಸ್ವತಃ ಬರೆದರು: "ಸರ್ ಎಲ್ಲ ಬೇಡಮ್ಮ, ಶಿವಣ್ಣ ಅಂದರೆ ಸಾಕು." ಇದು ಆಹ್ವಾನ. ಇದಾದ ಮೇಲೂ ಸರ್ ಎಂದರೆ, ನಿಮ್ಮ ಸ್ನೇಹ ನನಗೆ ಬೇಡ ಎಂದಂತೆ.

ಅವಳು "ಡಿಯರ್ ಶಿವಣ್ಣ" ಎಂದು ಬರೆದಳು. ಬರೆದ ಮೇಲೆ ಅಳುಕಾಯಿತಂತೆ, ಅಷ್ಟು ಹಿರಿಯರನ್ನು ಬರಿಯ ಹೆಸರಿನಿಂದ ಕರೆದೆನಲ್ಲಾ ಎಂದು. ನಾನು ಹೇಳಿದೆ: "ಅಮ್ಮಾ, ಆ ಹೆಸರನ್ನು ಇನ್ನೊಮ್ಮೆ ಓದು. ಸರ್ ಹೋದರೂ ಅಣ್ಣ ಅಲ್ಲೇ ಇದ್ದಾನೆ." ವಿಶ್ವೇಶ್ವರಯ್ಯ, ಶಿವಣ್ಣ, ಬೈರಪ್ಪ, ಲಕ್ಷ್ಮಮ್ಮ ಎಂಬಂಥ ನಮ್ಮ ಹೆಸರುಗಳು ಮರ್ಯಾದೆಯನ್ನು ತಮ್ಮ ಬಾಲದಲ್ಲಿಯೇ ಕಟ್ಟಿಕೊಂಡಿವೆ. ಕನ್ನಡದಲ್ಲಿ ಬರೆದರೆ "ಶಿವಣ್ಣನವರೇ" ಎನ್ನಬಹುದು, ಬಹುವಚನವೇ ಗೌರವ. ಇಂಗ್ಲಿಷಿನಲ್ಲಿ ಆ ಬಹುವಚನವಿಲ್ಲ. ನಮ್ಮವರು ಇಂಗ್ಲಿಷ್ ಪತ್ರದಲ್ಲಿ ಸರ್ ಅನ್ನು ಬಿಡಲಾರದೆ ಹಿಡಿದುಕೊಂಡಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ. "ಅವರು" ಎಂಬುದರ ಜಾಗದಲ್ಲಿ ಸರ್ ಕುಳಿತಿದೆ.

ಅವಳೊಡನೆ ಮಾತನಾಡುತ್ತಾ ಇನ್ನೂ ಕೆಲವು ಸಂಗತಿಗಳು ಹೊರಬಂದವು. ಅವಳು ಬ್ಯಾಂಕುಗಳಿಗೂ ಸರ್ಕಾರಿ ಇಲಾಖೆಗಳಿಗೂ ಬರೆಯುತ್ತಾಳೆ. ಟೆಂಡರಿನ ಪತ್ರ, ದರಪಟ್ಟಿ, ತಕರಾರಿನ ಪತ್ರ ಇವೆಲ್ಲ ಹುದ್ದೆಗೆ ಹೋಗುವಂಥವು, ಕಡತ ಸೇರುವಂಥವು. ಅಲ್ಲಿರುವ ಅಧಿಕಾರಿ ಎಷ್ಟೇ ಪರಿಚಿತರಾಗಿರಲಿ, ಇಲ್ಲಿ ಸರ್ ಅಥವಾ ಮೇಡಂ ಉಳಿಯಬೇಕು. ಅದೇ ಅಧಿಕಾರಿಗೆ ಸಭೆಯ ಸಮಯ ಕೇಳುವ ಎರಡು ಸಾಲಿನ ಪತ್ರದಲ್ಲಿ ಹೆಸರು ಸಾಕು. ಹಳೆಯ ಡಿ.ಒ. ಪತ್ರದ ನಿಯಮವೇ ಇದು. ಹೆಸರಿನಿಂದ ಬರೆಯುತ್ತಿದ್ದ ಗಿರಾಕಿಯ ಪತ್ರದಲ್ಲಿ ಅವರ ಮೇಲಧಿಕಾರಿಗೂ ಒಂದು ಪ್ರತಿ ಹೋಗುತ್ತಿದ್ದರೆ ಮತ್ತೆ ಸರ್ ಬರಬೇಕು. ನಮ್ಮಿಬ್ಬರ ಸಲಿಗೆಯನ್ನು ಮೂರನೆಯವರ ಮುಂದೆ ಹರಡುವುದು ಗಿರಾಕಿಗೆ ಮುಜುಗರ. ಆದರೆ ಮೂರನೆಯವರಿಲ್ಲದೆ, ಜಗಳದ ನಡುವೆ ಇದ್ದಕ್ಕಿದ್ದಂತೆ ಹೆಸರಿನಿಂದ "ಡಿಯರ್ ಸರ್"ಗೆ ಹಿಂದಿರುಗಿದರೆ ಅದು ಗೌರವವಾಗಿ ಕೇಳಿಸುವುದಿಲ್ಲ. ಬಾಗಿಲು ಹಾಕಿದ ಸದ್ದಿನಂತೆ ಕೇಳಿಸುತ್ತದೆ.

ಮೇಡಂ ಎಂಬುದಕ್ಕೆ ಅದರದೇ ಕಷ್ಟವಿದೆ. ಅವಳೇ ಹೇಳಿದಳು, "ಸಾರ್, ನನಗೂ ಎಷ್ಟೋ ಜನ ಡಿಯರ್ ಸರ್ ಅಂತ ಬರೀತಾರೆ. ಕೆಳಗೆ ನನ್ನ ಹೆಸರಿದ್ರೂ ನೋಡಲ್ಲ." ಕಚೇರಿಯಲ್ಲಿರುವವರು ಗಂಡಸರೇ ಎಂದು ನಂಬಿದ್ದ ಕಾಲದ ನಮೂನೆ ಅದು. ಹೆಸರು ತಿಳಿಯದಿದ್ದಾಗ "ಸರ್ ಅಥವಾ ಮೇಡಂ" ಎಂದು ಎರಡನ್ನೂ ಬರೆಯಬಹುದು. ಹೆಸರು ತಿಳಿದ ಮೇಲೆ ಹಾಗೆ ಬರೆದರೆ ನಿಮ್ಮ ಪತ್ರವನ್ನು ನಾನು ಓದಿಲ್ಲ ಎಂದು ಸಾರಿದಂತೆ. ಮಂಜು, ಕಿರಣ್, ಶಶಿ ಎಂಬಂಥ, ಗಂಡೋ ಹೆಣ್ಣೋ ತಿಳಿಯದ ಹೆಸರುಗಳಿಗೆ ಊಹೆ ಮಾಡದೆ ಪೂರ್ಣ ಹೆಸರನ್ನು ಬರೆಯುವುದು ಕ್ಷೇಮ.

ಸರ್ ಬಿಡಿಸುವ ಹಕ್ಕು ಯಾರದು? ಕೇಳಿಸಿಕೊಳ್ಳುವವರದು ಎಂಬುದಕ್ಕೆ ಈಚಿನ ನಿದರ್ಶನಗಳಿವೆ. 2021ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಭಟ್ ಅವರು ತಮ್ಮನ್ನು "ಮೈ ಲಾರ್ಡ್" ಎನ್ನಬೇಡಿ, ಸರ್ ಎಂದರೆ ಸಾಕು ಎಂದು ವಕೀಲರನ್ನು ಕೋರಿದರು. ಅಲ್ಲಿ ಸರ್ ಎಂಬುದೇ ಇಳಿಸಿದ ಮರ್ಯಾದೆ! ಅದೇ ವರ್ಷ ಕೇರಳದ ಪಾಲಕ್ಕಾಡ್ ಜಿಲ್ಲೆಯ ಮಾತೂರು ಗ್ರಾಮ ಪಂಚಾಯಿತಿ, ತನ್ನ ಕಚೇರಿಯಲ್ಲಿ ಜನರು ಸಿಬ್ಬಂದಿಯನ್ನು ಸರ್, ಮೇಡಂ ಎನ್ನಬೇಕಾಗಿಲ್ಲ, ಹೆಸರಿನಿಂದಲೋ ಹುದ್ದೆಯಿಂದಲೋ ಕರೆಯಬಹುದು ಎಂದು ನಿರ್ಣಯಿಸಿತು. ಎರಡು ಕಡೆಯೂ ಬಿಟ್ಟುಕೊಟ್ಟವರು ಮೇಲಿದ್ದವರು. ಕೆಳಗಿರುವವರು ತಾವಾಗಿ ಬಿಟ್ಟಿದ್ದರೆ ಅದನ್ನು ಉದ್ಧಟತನ ಎನ್ನುತ್ತಿದ್ದರು. ಇದು ನ್ಯಾಯವೋ ಅಲ್ಲವೋ, ಇರುವ ಸ್ಥಿತಿ ಇದು. ಆದ್ದರಿಂದ ನನ್ನ ಮಾತು ಈಗ ಮೇಲಿರುವ ವಿದ್ಯಾರ್ಥಿಗಳಿಗೂ ಸಲ್ಲುತ್ತದೆ. ನೀವು ಗಿರಾಕಿಗಳಾಗಿದ್ದರೆ, ಅಧಿಕಾರಿಗಳಾಗಿದ್ದರೆ, ಎದುರಿನವರು ಹೆಸರು ಹಿಡಿಯಲೆಂದು ನಿಮಗೆ ಇಷ್ಟವಿದ್ದರೆ, ನೀವೇ ಒಂದು ಸಾಲು ಬರೆದು ಹೇಳಿ. ಅವರು ಊಹಿಸಲಿ ಎಂದು ಕಾಯಬೇಡಿ.

ನನ್ನದೇ ಒಂದು ಪ್ರಸಂಗವನ್ನು ಹೇಳಿ ಮುಗಿಸುತ್ತೇನೆ. ನಿವೃತ್ತಿಯ ನಂತರ ಪಿಂಚಣಿಯ ಒಂದು ವಿಚಾರವಾಗಿ ಕಚೇರಿಯೊಂದಕ್ಕೆ ಅರ್ಜಿ ಬರೆಯಬೇಕಾಯಿತು. ಅಲ್ಲಿ ಅಧಿಕಾರಿಯಾಗಿದ್ದವನು ನನ್ನ ಶಿಷ್ಯ. ಎಂಟನೆಯ ತರಗತಿಯಲ್ಲಿ ಇದೇ ರಜಾ ಅರ್ಜಿಯನ್ನು ತಪ್ಪು ಬರೆದು ನನ್ನಿಂದ ಮೂರು ಸಲ ತಿದ್ದಿಸಿಕೊಂಡವನು. ನಾನು "ಮಾನ್ಯರೇ" ಎಂದು ಆರಂಭಿಸಿ "ತಮ್ಮ ನಂಬುಗೆಯ" ಎಂದು ಮುಗಿಸಿದೆ. ಅರ್ಜಿ ಹುದ್ದೆಗೆ, ಶಿಷ್ಯನಿಗಲ್ಲ. ವಾರದೊಳಗೆ ಕಚೇರಿಯ ಉತ್ತರ ಬಂತು, ಅದೂ "ಮಾನ್ಯರೇ" ಎಂದೇ. ಅದೇ ದಿನ ರಾತ್ರಿ ಅವನಿಂದ ಬೇರೊಂದು ಮಿಂಚಂಚೆ: "ಸಾರ್, ನಿಮ್ಮಿಂದ ಮಾನ್ಯರೇ ಅನ್ನಿಸಿಕೊಂಡು ಊಟ ಸೇರಲಿಲ್ಲ."

ನಾನು ಅವನ ಹೆಸರನ್ನಷ್ಟೇ ಹಿಡಿದು ಉತ್ತರ ಬರೆದೆ. ಕಾಗುಣಿತ ಈಗ ಸರಿಯಾಗಿದೆ ಎಂದೂ ಸೇರಿಸಿದೆ.

ಇತಿ ನಿಮ್ಮ ಮೇಷ್ಟ್ರು